ಹೆಸರಿಲ್ಲದವನ ಹಳೇ ಬರಹ

ಶಿಕಾರಿಪುರದ ಪಂಚಾಕ್ಷರಪ್ಪನವರ ವಾರಪತ್ರಿಕೆಯಲ್ಲಿ ಹನ್ನೊಂದು ವರ್ಷದಿಂದ ‘ಬೇಲಿ ಮಾತು’ ಅಂತ ಒಂದು ಅಂಕಣ ಬರುತ್ತಿತ್ತು. ಬರೆಯುವವರ ಹೆಸರು ಹಾಕುತ್ತಿರಲಿಲ್ಲ. ರಿಟೈರಾದ ಯಾರೋ ಮೇಷ್ಟ್ರು ಇರಬೇಕು ಅಂತ ಊರಿನವರ ಲೆಕ್ಕ. ಬರೆಯುತ್ತಿದ್ದವರು ಪಂಚಾಕ್ಷರಪ್ಪನವರ ಹೆಂಡತಿ ನೀಲಾಂಬಿಕ, ಅದೂ ಕುಕ್ಕರಿನ ಸೀಟಿ ಎಣಿಸುತ್ತಾ. ಈ ಗುಟ್ಟು ಅವರಿಗೆ ಬಲು ಖುಷಿ ಕೊಡುತ್ತಿತ್ತು.

ತೊಂಬತ್ತೊಂಬತ್ತರ ಮೇ ತಿಂಗಳು. ಒಂದು ಗುರುವಾರ ಸೊರಬದ ಕಡೆಯ ಹೊಸಬಾಳೆಯಿಂದ ಕುರಿ ಸಾಕುವ ಲೋಕಪ್ಪ ಪ್ರೆಸ್ಸಿಗೆ ಬಂದ. ಕೈಯಲ್ಲಿ ಮಡಚಿ ಮಡಚಿ ಹರಿದುಹೋದ ಒಂದು ಜೆರಾಕ್ಸ್. ಪಕ್ಕದ ಕಂಪ್ಯೂಟರ್ ಸೆಂಟರಿನ ಚನ್ನೇಶ್ ಇಂಟರ್‌ನೆಟ್ಟಿನ ಒಂದು ಇಂಗ್ಲಿಷ್ ಪುಟವನ್ನು ಕನ್ನಡ ಮಾಡಿ ಯಾರಿಗೋ ಕೊಟ್ಟಿದ್ದ, ಅದು ಹಟ್ಟಿಯಿಂದ ಹಟ್ಟಿಗೆ ಓಡಿತ್ತು. ಕರುಳುಬೇನೆಯ ಲಸಿಕೆ ಹಾಕಿಸಿದರೆ ಗಬ್ಬದ ಕುರಿ ಕಂದು ಹಾಕುತ್ತವೆ, ಗರ್ಭ ನಿಲ್ಲಲ್ಲ, ಹಾಕಿಸಲೇಬೇಡಿ ಅಂತ ಅದರಲ್ಲಿತ್ತು; ಬರೆದವರ ಹೆಸರು ಮಾತ್ರ ಇರಲಿಲ್ಲ. ಸೋಮವಾರ ಪಶು ಡಾಕ್ಟರು ಲೋಕಪ್ಪನ ಹಟ್ಟಿಗೆ ಸೂಜಿ ಹಾಕಲು ಬರುವವರಿದ್ದರು. ಹೋದ ವರ್ಷ ಮೊದಲ ಮಳೆಗೆ ಚಿಗುರು ಮೇಯ್ದು ಇದೇ ಬೇನೆಗೆ ಒಂಬತ್ತು ಕುರಿ ಸತ್ತಿದ್ದವು. ಹಾಕಿಸೋದಾ ಬಿಡೋದಾ ತಿಳಿಯದೆ ಆ ಮನುಷ್ಯ ಕಂಗಾಲಾಗಿದ್ದ. “ಕಂಪ್ಯೂಟರಿನಲ್ಲಿ ಬಂದದ್ದು ಸುಳ್ಳಿರುತ್ತಾ, ಅಕ್ಕಾರೆ?” ಅಂತ ಪ್ರೆಸ್ಸಿನಲ್ಲಿದ್ದ ನೀಲಾಂಬಿಕರನ್ನು ಕೇಳಿದ.

ಪಂಚಾಕ್ಷರಪ್ಪನವರಿಗೆ ಮಾತ್ರ ಶನಿವಾರದ ಸಂಚಿಕೆಗೆ ಬಿಸಿಬಿಸಿ ಸುದ್ದಿ ಸಿಕ್ಕಿತ್ತು. ‘ಬೇಲಿ ಮಾತಿ’ನಲ್ಲೇ ಹಾಕೋಣ, ಜನ ನಂಬುತ್ತಾರೆ ಅಂದರು. ಹೆಸರಿಲ್ಲದವನ ಮಾತು ನನ್ನ ಅಂಕಣಕ್ಕೆ ಬೇಡ ಅಂತ ನೀಲಾಂಬಿಕ ಒಳಗೆ ಕರೆದು ಹೇಳಿದರೆ, ಗಂಡ ನಕ್ಕರು. “ನೀನೂ ಹೆಸರು ಹಾಕಲ್ವಲ್ಲೇ.”

ಚುರುಕ್ ಅಂತು ನೀಲಾಂಬಿಕರಿಗೆ. ನಿಜವೇ ತಾನೇ! ಹೆಸರಿಲ್ಲ ಅನ್ನೋದೊಂದೇ ತಪ್ಪಾದರೆ ಮೊದಲು ಬೀಳಬೇಕಾದ ತಲೆ ತಮ್ಮದೇ. ಹಾಗಾದರೆ ಹೆಸರಿಲ್ಲದವನನ್ನು ಯಾವುದರಿಂದ ಅಳೆಯೋದು? ಅವನು ಇದುವರೆಗೆ ಏನೇನು ಬರೆದಿದ್ದಾನೆ ಅನ್ನೋದರಿಂದ ಅಂತ ಸೆರಗು ಸಿಕ್ಕಿಸಿಕೊಂಡು ಚನ್ನೇಶನ ಸೆಂಟರಿಗೆ ನಡೆದರು.

ಚನ್ನೇಶ್ ಶಿವಮೊಗ್ಗಕ್ಕೆ ಎಸ್‌ಟಿಡಿ ಹಚ್ಚಿ, ಮೋಡೆಮ್ಮು ಕಿರುಚಿ ಸುಮ್ಮನಾಗುವವರೆಗೂ ಕಾದ. ಮೊದಲು ಲೇಖಕರ ಪರಿಚಯದ ಪುಟ ತೆರೆಸಿದರು. ‘ಮೂವತ್ತು ವರ್ಷ ಅನುಭವದ ಪಶುವೈದ್ಯ’ ಅಂತಷ್ಟೇ ಇತ್ತು. ಓದಿದ್ದೆಲ್ಲಿ, ಕೆಲಸ ಮಾಡಿದ್ದೆಲ್ಲಿ, ಒಂದು ಸುಳಿವೂ ಇಲ್ಲ. ಹಳೇ ಬರಹ ಎಂಟಿದ್ದವು. ಚನ್ನೇಶ್ ಓದುತ್ತಾ ಹೋದ, ಇವರು ತಾರೀಕು ಹಾಕಿ ಬರೆದುಕೊಂಡರು. ಜನವರಿಯಲ್ಲಿ ಆಸಾಮಿ ಬ್ಯಾಂಕಿನ ಕೆಲಸ ಬಿಟ್ಟು ಕುರಿ ಕಟ್ಟಿ ನಾಲ್ಕು ವರ್ಷವಾಯಿತು ಅಂದಿದ್ದ. ಫೆಬ್ರವರಿಯಲ್ಲಿ ಇದೇ ಲಸಿಕೆಯಿಂದ ತನ್ನ ಹಿಂಡು ಉಳಿಯಿತು ಅಂತ ಹಾಡಿ ಹೊಗಳಿದ್ದ. ಏಪ್ರಿಲ್‌ನಲ್ಲಿ ಒಂದು ಬೇರಿನ ಪುಡಿ ಮಾರಲು ಶುರುಮಾಡಿದ. ಮೇ ತಿಂಗಳಲ್ಲಿ ನೋಡಿದರೆ, ತನ್ನ ಹಟ್ಟಿಗೆ ಸೂಜಿ ಕಾಲಿಟ್ಟಿದ್ದೇ ಇಲ್ಲವಂತೆ! ಮುಂಚೆ ಹೇಳಿದ್ದು ತಪ್ಪು ಅಂತ ಎಲ್ಲೂ ಒಂದು ಸಾಲಿಲ್ಲ. ಚನ್ನೇಶನ ಮುಖ ಇಷ್ಟೇ ಇಷ್ಟಾಗಿತ್ತು. ಅವನು ಆ ಒಂದೇ ಪುಟ ಓದಿ ಕನ್ನಡ ಮಾಡಿದ್ದ.

ಬರಹಗಾರ ಸುಳ್ಳ ಅಂದಮಾತ್ರಕ್ಕೆ ಲಸಿಕೆ ಒಳ್ಳೇದು ಅಂತಾಗಲ್ಲವಲ್ಲ. ಅದಕ್ಕೇ ಪಶು ಆಸ್ಪತ್ರೆಗೂ ಹೋಗಿ ಕೇಳಿದರು. ಮಳೆಗೆ ಮುಂಚೆ ಹಾಕಿಸಲೇಬೇಕು, ಗಬ್ಬದವನ್ನು ಮೊದಲೇ ತೋರಿಸಿ ಮೆತ್ತಗೆ ಹಿಡಿಯಲಿ ಅಂದರು ಡಾಕ್ಟರು.

ಮನೆಗೆ ಬಂದು ಬರೆಯಲು ಕೂತವರಿಗೆ ಮನಸ್ಸು ಕೇಳಲಿಲ್ಲ. ಅವನ ಎಂಟು ಬರಹ ಜಾಲಾಡಿದ ಮೇಲೆ ತಮ್ಮದನ್ನು ಬಿಡೋದು ಹೇಗೆ? ಹನ್ನೊಂದು ವರ್ಷದ ಫೈಲು ಇಳಿಸಿದರು. ಮಾತು ಬದಲಿಸಿದ್ದು ಏಳು ಸಲ. ಆರು ಸಲ ಮುಂದಿನ ವಾರವೇ ತಪ್ಪೊಪ್ಪಿಕೊಂಡಿದ್ದರು. ಅಂಜನಾಪುರದ ನಾಲೆ ನೀರಿನ ಬಗ್ಗೆ ಮಾತ್ರ ಒಂದು ವರ್ಷ ಹೀಗೆ, ಎರಡು ವರ್ಷ ಬಿಟ್ಟು ಹಾಗೆ ಬರೆದು ತೆಪ್ಪಗಿದ್ದರು. ಓದಿ ನಾಚಿಕೆಯಾಯಿತು.

ಶನಿವಾರ ಅಂಕಣದಲ್ಲಿ ಆ ಸೈಟಿನ ಮಾತುಗಳು ತಾರೀಕಿನ ಸಮೇತ ಬಂದವು, ಡಾಕ್ಟರ ಮಾತೂ ಬಂತು. ಕೆಳಗೆ ಇನ್ನೊಂದು ಪ್ಯಾರಾ: ‘ಇದನ್ನು ಬರೆಯುವವಳು ಹೆಂಗಸು. ಹೆಸರು ಹೇಳೋದಿಲ್ಲ. ಡಾಕ್ಟರಲ್ಲ, ಕುರಿ ಸಾಕಿಲ್ಲ. ಏಳು ಸಲ ತಪ್ಪಿದ್ದೇನೆ, ಸಂಚಿಕೆಗಳು ಇಂತಿಂಥವು. ಏಳನೆಯದನ್ನು ಇವತ್ತು ಒಪ್ಪಿಕೊಳ್ಳುತ್ತಿದ್ದೇನೆ.’ ಮರ್ಯಾದೆ ಹೋಯ್ತು ಬಿಡು ಅಂತ ಪಂಚಾಕ್ಷರಪ್ಪ ಗೊಣಗುತ್ತಲೇ ಅಚ್ಚಿಗೆ ಕೊಟ್ಟಿದ್ದರು. ನೀಲಾಂಬಿಕರಿಗೂ ಎರಡು ದಿನ ಅನ್ನ ರುಚಿಸಲಿಲ್ಲ. ಇನ್ನು ಯಾರು ನಂಬುತ್ತಾರೆ ಅನ್ನಿಸಿತು.

ಮಂಗಳವಾರ ಲೋಕಪ್ಪ ಹೆಂಡತಿ ನಿಂಗಮ್ಮನನ್ನೂ ಕರೆದುಕೊಂಡು ಬಂದ. ಅಷ್ಟೂ ಕುರಿಗೆ ಹಾಕಿಸಿದ್ದಾಯಿತು, ಅಕ್ಕಪಕ್ಕದ ಹಟ್ಟಿಯವರೂ ಹಾಕಿಸಿದರು ಅಂದ. ಡಾಕ್ಟರ ಮಾತು ಕೇಳಿ ಹಾಕಿಸಿದಿರಾ ಅಂತ ವಿಚಾರಿಸಿದರು ನೀಲಾಂಬಿಕ.

“ಡಾಕ್ಟರು ಹೋದ ವರ್ಷವೂ ಹೇಳಿದ್ದರ್ರೀ, ನಾವೇ ಹಾಕಿಸಿರಲಿಲ್ಲ,” ಅಂದಳು ನಿಂಗಮ್ಮ. “ತಪ್ಪಿದ್ದನ್ನ ತಾನೇ ಎಣಿಸಿ ಕೊಡೋ ಹೆಂಗಸು ನಮಗ್ಯಾಕೆ ಸುಳ್ಳು ಹೇಳ್ತಾಳೆ ಅಂತ ಈ ಸಲ ಹಾಕಿಸಿದ್ವಿ. ಆ ತಾಯಿ ಯಾರೋ ಏನೋ, ಸಿಕ್ಕರೆ ಕೊಡ್ರಿ.” ಒಂದು ಚೊಂಬು ಕುರಿಹಾಲಿನ ಮೊಸರು ಮುಂದಿಟ್ಟಳು.

ಕೊಡ್ತೀನಿ ಅಂದ ನೀಲಾಂಬಿಕ, ಅವರಿಬ್ಬರೂ ರಸ್ತೆ ದಾಟುವವರೆಗೂ ತಡೆದು, ಚೊಂಬಿಗೆ ಬೆರಳು ಹಾಕಿ ನೆಕ್ಕಿದರು.