ತಾರಸಿಯಿಂದ ಸಂಪಿಗೆ

ಚಳ್ಳಕೆರೆಯ ಆ ಮೂರಂತಸ್ತಿನ ಅಪಾರ್ಟ್‌ಮೆಂಟಿನವರು ಮಳೆನೀರು ಹಿಡಿಯಲು ಪೈಪು ಹಾಕಿಸಿದ್ದು ಬೋರ್‌ವೆಲ್ ಕೈಕೊಡಲು ಶುರುಮಾಡಿದ ವರ್ಷ. ಪೈಪು ಬಂದಮೇಲೆ ಹೊಸ ತಲೆನೋವು. ಯಾವ ಮುಚ್ಚಳ ಯಾವಾಗ ತೆಗೆಯಬೇಕೆಂದು ಮನೆಮನೆಗೂ ಹೇಳಿ ಹೇಳಿ ಸಂಘದ ಅಧ್ಯಕ್ಷ ಜಂಬುಲಿಂಗಪ್ಪನವರ ಗಂಟಲು ಕಟ್ಟಿತು. "ಒಂದು ವಿಡಿಯೋ ಮಾಡಿಸಿಬಿಡಾನ. ಕೇಬಲ್‌ನಾಗೆ ಹಾಕಿದ್ರೆ ಎಲ್ಲರೂ ನೋಡ್ತಾರೆ" ಎಂದರು.

ಬರೆಯುವ ಕೆಲಸ ಮೊದಲ ಮಹಡಿಯ ಶೈಲಜಾ ಅವರ ಪಾಲಿಗೆ ಬಂತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಚಿತ್ರ ತೆಗೆಯಲು ಮದುವೆ ವಿಡಿಯೋ ಮಾಡುವ ವಿಶ್ವನಾಥ್ ಒಪ್ಪಿದ. ಅವನು ಶೈಲಜಾ ಅವರ ಹಳೆಯ ವಿದ್ಯಾರ್ಥಿ.

ಶೈಲಜಾ ಬರೆದದ್ದನ್ನು ಮೊದಲು ಓದಿದವಳು ಮೇಲಿನ ಮನೆಯ ದಾಕ್ಷಾಯಿಣಿ. "ಮಾಳಿಗೆಯ ಮೇಲೆ ಬಿದ್ದ ಜಲವು ಇಳಿಜಾರಿನ ಮುಖಾಂತರ..." ಎಂಬಲ್ಲಿಗೆ ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"ಶೈಲಕ್ಕಾ, ಇದು ಪರೀಕ್ಷೆಗೆ ಬರ್ತೈತಾ?"

"ಹಂಗಾರೆ ನೀನೇ ಹೇಳು."

"ಹೇಳ್ತೀನಿ. ಕ್ಯಾಮೆರಾ ಮುಂದೆ ನಾನೇ ನಿಂತ್ಕಂತೀನಿ."

ಶೈಲಜಾಗೆ ಮುನಿಸಾಗಲಿಲ್ಲ, ಬದಲಿಗೆ ಹೆಗಲ ಭಾರ ಇಳಿದಂತಾಯಿತು. ಇಬ್ಬರೂ ಕೂತು ಮಾತನ್ನು ತಿದ್ದಿದರು.

ಭಾನುವಾರ ಬೆಳಿಗ್ಗೆ ಚಿತ್ರೀಕರಣ. ಮಳೆ ಇಲ್ಲದ ಕಾರಣ ಟ್ಯಾಂಕರ್ ತರಿಸಿ ತಾರಸಿಗೆ ನೀರು ಬಿಟ್ಟರು. ದಾಕ್ಷಾಯಿಣಿ ಸೆರಗು ಸಿಕ್ಕಿಸಿಕೊಂಡು ನಿಂತಳು.

"ನೋಡ್ರಿ, ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸ್ಬೇಕು. ನೀರು ಇಳಿಯೋ ಬಾಯಿಗೆ ಜಾಲರಿ ಐತೆ, ಎಲೆ-ಕಸ ಇಲ್ಲೇ ನಿಂತ್ಕಂತೈತೆ. ಮೊದಲ ನೀರಿನಾಗೆ ಧೂಳು, ಹಕ್ಕಿ ಹಿಕ್ಕೆ ಎಲ್ಲ ಇರ್ತೈತೆ. ಅದು ಈ ನಿಂತಿರೋ ಪೈಪಿನಾಗೆ ತುಂಬ್ಕಂತೈತೆ. ಅದು ತುಂಬಿದ ಮೇಲೆ ಬರೋ ನೀರು ಫಿಲ್ಟರ್ ಡ್ರಮ್ಮಿಗೆ. ಮಳೆ ನಿಂತ ಮೇಲೆ ಕೆಳಗಿನ ಮುಚ್ಚಳ ಬಿಚ್ಚಿ ಕೊಳೆ ನೀರು ಚೆಲ್ಲಿ, ಮತ್ತೆ ಹಾಕ್ಬೇಕು. ಮರೀಬ್ಯಾಡ್ರಿ."

ಅವಳ ಹಿಂದೆ ವಿಶ್ವನಾಥ್ ಕ್ಯಾಮೆರಾ ಹೊತ್ತು ಕೆಳಗಿಳಿದು ಅಂಗಳದ ಡ್ರಮ್ಮಿನ ಹತ್ತಿರ ಬಂದ. ಅಡಿಯಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಇದ್ದಿಲು, ಎಲ್ಲಕ್ಕೂ ಮೇಲೆ ಮರಳು, ನಡುನಡುವೆ ನೈಲಾನ್ ಬಲೆ. ತಳದ ಕೊಳವೆಯನ್ನು ಇನ್ನೂ ನೆಲದಡಿಯ ಸಂಪಿಗೆ ಜೋಡಿಸಿರಲಿಲ್ಲ. ತೋರಿಸಲೆಂದು ಅದರಡಿ ಗಾಜಿನ ಜಗ್ಗು ಇಟ್ಟಿದ್ದರು.

"ಈಗ ಬರೋದು ಶುದ್ಧ ನೀರು!" ಎಂದಳು ದಾಕ್ಷಾಯಿಣಿ.

ಜಗ್ಗಿಗೆ ಬಿದ್ದದ್ದು ಕಪ್ಪು ಕಷಾಯದಂಥ ನೀರು.

ಮಹಡಿಗಳಿಂದ ಇಣುಕುತ್ತಿದ್ದವರೆಲ್ಲ ನಕ್ಕರು. ಜಂಬುಲಿಂಗಪ್ಪ ಕೈಚೆಲ್ಲಿದರು. "ಲೇ ವಿಶ್ವ, ಆರಿಸಲೇ ಅದನ್ನ. ಊರೆಲ್ಲ ನೋಡ್ತೈತೆ!"

ಶೈಲಜಾ ಜಗ್ಗನ್ನು ಬೆಳಕಿಗೆ ಹಿಡಿದರು. ತಳದಲ್ಲಿ ಇದ್ದಿಲ ಪುಡಿ, ಜಲ್ಲಿಯ ಧೂಳು. "ಕೆಟ್ಟಿರೋದು ನೀರಲ್ಲ. ನಾವು ಜಲ್ಲಿ, ಮರಳು, ಇದ್ದಿಲು ತೊಳೀದೆ ಹಾಕಿದೀವಿ. ತೊಳೀಬೇಕಂತ ನಾನು ಬರೆದೇ ಇಲ್ಲ."

"ಅಕ್ಕಿ ತೊಳೀದೆ ಅನ್ನಕ್ಕಿಟ್ಟಂಗಾತು" ಎಂದಳು ದಾಕ್ಷಾಯಿಣಿ.

ಅಷ್ಟಕ್ಕೆ ಕೆಲಸ ನಿಲ್ಲಲಿಲ್ಲ. ಡ್ರಮ್ಮಿನಲ್ಲಿದ್ದದ್ದನ್ನು ಒಂದೊಂದಾಗಿ ಹೊರತೆಗೆದರು. ನಗುತ್ತಿದ್ದವರೇ ಬುಟ್ಟಿ, ಬಕೀಟು ಹಿಡಿದು ಇಳಿದು ಬಂದರು. ಜಂಬುಲಿಂಗಪ್ಪ ಪಂಚೆ ಎತ್ತಿ ಕಟ್ಟಿ ಜಲ್ಲಿ ಉಜ್ಜಿದರು. ತೊಳೆದ ನೀರು ತಿಳಿಯಾಗುವವರೆಗೆ ತೊಳೆದು, ಮತ್ತೆ ಪದರಪದರವಾಗಿ ತುಂಬಿ ನೀರು ಬಿಟ್ಟರು. ಮೊದಮೊದಲು ಮಸುಕಾಗಿ ಬಂದದ್ದನ್ನು ಚೆಲ್ಲಿದರು. ಆಮೇಲೆ ಜಗ್ಗಿನಾಚೆ ನಿಂತವರ ಮುಖ ಕಾಣುವಷ್ಟು ತಿಳಿನೀರು ಬಂತು. ಯಾರೋ ಚಪ್ಪಾಳೆ ಹೊಡೆದರು.

"ಕಪ್ಪು ನೀರಿಂದು ತೆಗೆದುಬಿಡ್ಲಾ ಟೀಚರ್?" ಎಂದ ವಿಶ್ವನಾಥ್.

ಶೈಲಜಾ ಕೈಯಾಡಿಸಿ ತಡೆದರು. "ಬ್ಯಾಡ. ಅದೂ ಇರ್ಲಿ, ತೊಳೆಯೋದೂ ಇರ್ಲಿ. ನಮ್ಮಂಗೆ ಇನ್ನೊಬ್ಬರು ಮಾಡಬಾರದಲ್ಲ." ಜಂಬುಲಿಂಗಪ್ಪ ಗೊಣಗಿದರು, ಆದರೆ ತಾವು ಜಲ್ಲಿ ಉಜ್ಜಿದ್ದೂ ಬರುತ್ತದೆಂದು ತಿಳಿದಮೇಲೆ ಸುಮ್ಮನಾದರು.

ಉಳಿದದ್ದನ್ನು ಸಂಜೆಯೊಳಗೆ ಚಿತ್ರೀಕರಿಸಿ ಮುಗಿಸಿದರು: ಬೆಳಕೂ ಸೊಳ್ಳೆಯೂ ಹೋಗದಂತೆ ಮುಚ್ಚಿದ ಸಂಪು, ಅದು ತುಂಬಿದರೆ ಹೆಚ್ಚಿನ ನೀರು ಹೋಗುವ, ಬಾಯಿಗೆ ಬಲೆ ಕಟ್ಟಿದ ಪೈಪು, ಅದರ ತುದಿಗೆ ಬೋರ್‌ವೆಲ್ ಪಕ್ಕದ ಇಂಗುಗುಂಡಿ. "ಬಳಸೋಕೆ ಈ ನೀರು. ಕುಡಿಯೋದಾದ್ರೆ ಕಾಯಿಸ್ಕಳ್ರಿ" ಎಂದು ದಾಕ್ಷಾಯಿಣಿ ಕೈಮುಗಿದಳು.

ಕೇಬಲ್‌ನಲ್ಲಿ ಬಂದಮೇಲೆ ಮೊಳಕಾಲ್ಮೂರಿನ ಒಂದು ಹೊಸ ಕಟ್ಟಡದವರು ಕ್ಯಾಸೆಟ್ ಸಮೇತ ಇವರನ್ನು ಕರೆಸಿಕೊಂಡರು. ಕಪ್ಪು ನೀರು ಬಿದ್ದಾಗ ಅಲ್ಲಿಯೂ ಜನ ಬಿದ್ದು ಬಿದ್ದು ನಕ್ಕರು. ಶೈಲಜಾ ಅವರೂ ನಕ್ಕರು. ಮುಗಿದಮೇಲೆ ತಿಪ್ಪೇರುದ್ರಮ್ಮ ಎಂಬ ಹಿರಿಯಾಕೆ ಮುಂದೆ ಬಂದರು.

"ಆ ಡ್ರಮ್ಮಿಂದು ಇನ್ನೊಂದ್ಸಲ ಹಾಕವ್ವ. ಚೆನ್ನಾಗೈತೆ, ಆದ್ರೆ ಯಾವುದರ ಮ್ಯಾಲೆ ಯಾವುದು ಅಂತ ನೋಡ್ಕಬೇಕು."

ವಿಶ್ವನಾಥ್ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿದ. ಮತ್ತೊಮ್ಮೆ ನೋಡಿ ಅವರೆಲ್ಲ ತಮ್ಮ ತಾರಸಿ ತೋರಿಸಲು ಎದ್ದರು. ಶೈಲಜಾ, ದಾಕ್ಷಾಯಿಣಿ ಮಾತಾಡುತ್ತ ಅವರ ಹಿಂದೆ ಮೆಟ್ಟಿಲು ಹತ್ತಿದರು.