ನಿಂತ ಎಂಟು ಮಗ್ಗ

ಮೀಟರಿಗೆ ಐದೂವರೆ ರೂಪಾಯಿ ನೇಯ್ಗೆ ಮಜೂರಿ ಎಂದು ಬ್ಯಾಂಡೇಜ್ ಬಟ್ಟೆಯ ವ್ಯಾಪಾರಿ ಫೋನಿನಲ್ಲಿ ಹೇಳಿದಾಗ ತಾತ್ಯಾಸಾಹೇಬರಿಗೆ ಸಿಟ್ಟೇ ಬಂತು. ಅವರ ಇಚಲಕರಂಜಿಯ ಶೆಡ್ಡಿನಲ್ಲಿ ಮೀಟರಿಗೆ ಆರು ರೂಪಾಯಿ ಖರ್ಚೇ ಬೀಳುತ್ತಿತ್ತು. ಕಾಯಂ ಗಿರಾಕಿ ಏಳು ಕೊಡುತ್ತಿದ್ದ. ಆದರೆ ಇಪ್ಪತ್ನಾಲ್ಕರಲ್ಲಿ ಎಂಟು ಮಗ್ಗ ತಿಂಗಳಿಂದ ನಿಂತಿದ್ದವು. ಅವನ್ನು ನಡೆಸುತ್ತಿದ್ದ ಹಣಮಂತ ಬರುವ ಸೋಮವಾರ ಬೇರೆ ಶೆಡ್ಡಿಗೆ ಹೋಗುವವನಿದ್ದ. ಅಂಥ ಕೈ ಮತ್ತೆ ಸಿಗುವುದಿಲ್ಲ.

"ಲುಕ್ಸಾನಿಗೆ ನೇಯ್ದು ಕೊಡ್ಲೇನು?" ಎಂದು ಸೊಸೆ ನೂತನಳನ್ನು ಕೇಳಿದರು.

"ಮಾಮಾ, ಆ ಆರರಾಗ ಎರಡು ರೂಪಾಯಿ ಶೆಡ್ಡಿನ ಬಾಡಿಗಿ, ಕೆಲಸ ನೋಡ್ಕೊಳ್ಳೂ ಮುಕಾದಮನ ಪಗಾರ. ಮಗ್ಗ ನಿಂತ್ರ ಅಂವ ಪಗಾರ ಬಿಡ್ತಾನೇನ್ರಿ?"

"ಚಹಾ ಸುದ್ದಾ ಬಿಡಂಗಿಲ್ಲ."

"ಮತ್ತ? ನೇಯ್ದ್ರ ಹೆಚ್ಚಿಗಿ ಬೀಳೂದು ಹಣಮಂತನ ಮಜೂರಿ, ಕರೆಂಟು, ಸಣ್ಣಪುಟ್ಟ ಖರ್ಚು ಸೇರಿ ನಾಕ ರೂಪಾಯಿ. ಒಂದೂವರೆ ಉಳೀತೈತಿ."

"ಕಾಯಂ ಗಿರಾಕಿ ನನಗೂ ಐದೂವರೆ ಮಾಡ್ರಿ ಅಂದ್ರ?"

"ಅವರದು ಧೋತರ. ಇದು ಜಾಳ ನೇಯ್ಗಿ ಬ್ಯಾಂಡೇಜು ಬಟ್ಟಿ, ಎರಡ ತಿಂಗಳದ ಕೆಲಸ."

ತಾತ್ಯಾಸಾಹೇಬರು ವ್ಯಾಪಾರಿಗೆ ಹೂಂ ಎಂದು ಹೇಳಿ ಹಣಮಂತನನ್ನು ಕರೆದರು.

"ಎಲ್ಲೂ ಹೋಗಬ್ಯಾಡ. ನಿನ್ನ ಎಂಟೂ ಮಗ್ಗಕ್ಕ ಕೆಲಸ ಬಂದೈತಿ."

"ಮಜೂರಿ ಕಡಿಮಿ ಏನ್ರಿ?"

"ಇಲ್ಲೋ, ಮೊದಲಿನಷ್ಟ ಐತಿ."

"ಹಂಗಾರ ಆ ಶೆಡ್ಡಿನವ್ರಿಗೆ ನೀವ ಫೋನ್ ಮಾಡ್ರಿ. ಬರಂಗಿಲ್ಲ ಅನ್ನಾಕ ನನಗ ನಾಚಿಕಿ."

ತಾತ್ಯಾಸಾಹೇಬರಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು. ನಗುತ್ತಲೇ ನಂಬರು ಒತ್ತಿದರು.