ಇನ್ನೆಷ್ಟು ತೊಂದರೆ ಕೊಡೋದು

"ಎತ್ಬೇಡ್ರಪ್ಪಾ! ಒಂದೇ ನಿಮಿಷ ತಡೀರಿ!"

ಪುಟ್ಟತಾಯಮ್ಮ ಕೂಗಿದ್ದೇ ತಡ, ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದ್ದ ನಾಲ್ವರೂ ಹಾಗೇ ನಿಂತರು. ಗೇಟಿನಲ್ಲಿ ಇಂಗರ್ ಆಟೋ ಇಳಿಯುತ್ತಿದ್ದಳು. ಡೆನ್ಮಾರ್ಕಿನವಳು, ಮೈಸೂರಿನ ರೇಷ್ಮೆ ಸಂಶೋಧನಾ ಕೇಂದ್ರಕ್ಕೆ ಬಂದು ಮೂರು ವರ್ಷವಾಗಿತ್ತು. ಚಟ್ಟದ ಮೇಲಿದ್ದ ಚನ್ನಕೇಶವಯ್ಯ ಅದೇ ಕೇಂದ್ರದಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವರು.

"ಅತ್ಗೆ, ರಾಹುಕಾಲ ಬಂದ್ಬಿಡುತ್ತೆ" ಎಂದು ಮೈದುನ ಗೊಣಗಿದ.

"ಬರ್ಲಿ ಬಿಡು. ಅವರೇನು ಈಗ ಬಸ್ ಹಿಡೀಬೇಕಾ?"

ಅಳುತ್ತಿದ್ದವರಲ್ಲೂ ಇಬ್ಬರು ನಕ್ಕುಬಿಟ್ಟರು. ಪುಟ್ಟತಾಯಮ್ಮ ಇಂಗರಳ ಎರಡೂ ಕೈ ಹಿಡಿದುಕೊಂಡರು. "ಬಂದ್ಯಾ ತಾಯಿ! ನಿನಗೆ ಎಷ್ಟು ತೊಂದ್ರೆ ಕೊಟ್ವಮ್ಮಾ. ಇನ್ನೂ ಎಷ್ಟು ಅಂತ ಕೊಡೋದು? ಏನಿದ್ರೂ ಹೊಟ್ಟೆಗೆ ಹಾಕ್ಕೋ. ನಿನ್ನ ಹೊಟ್ಟೆ ತಣ್ಣಗಿರ್ಲಿ. ಹೇಳೇ ವಿಶಾಲು, ಒಂದಕ್ಷರ ಬಿಡದೆ ಹೇಳು."

ಕೇಂದ್ರದಲ್ಲಿ ಚನ್ನಕೇಶವಯ್ಯನವರ ಕೈಕೆಳಗೆ ಕೆಲಸ ಕಲಿತಿದ್ದ ವಿಶಾಲಾಕ್ಷಿ, ಮಾತನ್ನು ಇಂಗ್ಲಿಷಿಗೆ ದಾಟಿಸಲು ಬಾಯಿ ತೆರೆಯುವ ಮೊದಲೇ ಇಂಗರ್ ಅವಳ ಕಡೆ ತಿರುಗಿ, ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: "ಬರಬೇಡಿ ಅಂತ ಬರೆದಿದ್ರಿ, ಬರಲಿಲ್ಲ. ಇವತ್ತು ಮನಸ್ಸು ತಡೀಲಿಲ್ಲ. ಈಗ್ಲೂ ಹೋಗಿಬಿಡ್ಲಾ?"

ವಿಶಾಲಾಕ್ಷಿ ತಾನು ಬರೆದ ಪತ್ರವನ್ನು ಮನಸ್ಸಿನಲ್ಲೇ ಮತ್ತೆ ಓದಿಕೊಂಡಳು. ಬರಬೇಡಿ ಎಂದು ಬರೆದವರು ಯಾರು?

*

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಊರಿಗೆ ಹೊರಟಿದ್ದ ಜಪಾನಿ ವಿಜ್ಞಾನಿಗೆ ನಿರ್ದೇಶಕರ ವಂದನೆಯನ್ನು ವಿಶಾಲಾಕ್ಷಿಯೇ ಇಂಗ್ಲಿಷಿಗೆ ತಂದಿದ್ದಳು. 'ನಮ್ಮ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ' ಎಂಬುದನ್ನು ಹೊಟ್ಟೆ ಸಮೇತ ಟೈಪು ಮಾಡಿದ್ದಳು. ಚನ್ನಕೇಶವಯ್ಯ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಿದ್ದರು.

"ಆ ಮನುಷ್ಯ ಬಂದಿದ್ದು ಹುಳ ನೋಡೋಕಮ್ಮಾ, ನಮ್ಮ ತಪ್ಪು ತಿನ್ನೋಕಲ್ಲ."

"ಕ್ಷಮಿಸಿ ಅಂತ ಹಾಕ್ಲಾ ಸಾರ್?"

"ಹಾಕಿದ್ರೆ, ಏನು ತಪ್ಪು ಮಾಡಿದ್ರಿ ಅಂತ ಕೇಳ್ತಾನೆ. ನಮ್ಮವರು ಬೀಳ್ಕೊಡುವಾಗ ತಪ್ಪು ಒಪ್ಕೊಳ್ಳೋದು ಪ್ರೀತಿಗೆ. ಆ ಮಾತು ಬಿಡು, ಪ್ರೀತಿ ಇಟ್ಕೋ. ಅವರು ಏನು ಮಾಡಿದ್ರು, ಯಾವತ್ತು ಮಾಡಿದ್ರು, ಅದರಿಂದ ನಮಗೇನಾಯ್ತು, ಅಷ್ಟನ್ನ ಬಿಚ್ಚಿ ಹೇಳು. ಬರ್ಬೇಕು ಅಂತಿದ್ರೆ ಬನ್ನಿ ಅಂತ್ಲೇ ಬರಿ. ನಮ್ಮಲ್ಲಿ ಹೇಳದೇ ಇದ್ರೂ ಕೇಳಿಸುತ್ತೆ. ಅವರಿಗೆ ಹೇಳಿದ್ದಷ್ಟೇ ಕೇಳಿಸೋದು."

ಆಮೇಲೆ ಹೊಟ್ಟೆಯನ್ನು ಅಳಿಸಿ, ಆ ವಿಜ್ಞಾನಿ ಹಿಪ್ಪುನೇರಳೆ ತೋಟದಲ್ಲಿ ಕೂಲಿಯವರ ಜೊತೆ ಕೂತು ರೋಗದ ಎಲೆ ಗುರುತಿಸಲು ಕಲಿಸಿದ್ದನ್ನು ಬರೆದರು. ಓದಿ ಮುಗಿಸಿದ ಆತನ ಕಣ್ಣು ಒದ್ದೆಯಾಗಿತ್ತು.

ಇಷ್ಟು ಕಲಿತಿದ್ದೂ ಹೋದ ತಿಂಗಳು ವಿಶಾಲಾಕ್ಷಿ ಎಡವಿದ್ದಳು. ಚನ್ನಕೇಶವಯ್ಯ ಹಾಸಿಗೆ ಹಿಡಿದ ಮೇಲೆ ಇಂಗರ್ ಪ್ರತಿ ಶುಕ್ರವಾರ ಸಂಜೆ ಬಂದು, ಅವರನ್ನು ಜಗಲಿಗೆ ಎಬ್ಬಿಸಿ ಕೂರಿಸಿ, ಕವಡೆ ಹಾಕಿ ಚೌಕಾಬಾರ ಆಡುತ್ತಿದ್ದಳು. ಗಂಡನಿಗೆ ತಿಳಿಯದಂತೆ ಪುಟ್ಟತಾಯಮ್ಮ ಅವಳಿಗೊಂದು ವಂದನೆ ಬರೆಸಿದರು. 'ನಿಮಗೆ ಇನ್ನೆಷ್ಟು ತೊಂದರೆ ಕೊಡೋದು' ಎಂಬ ಮಾತನ್ನು ವಿಶಾಲಾಕ್ಷಿ ಅವಸರದಲ್ಲಿ ಇದ್ದ ಹಾಗೇ ಇಂಗ್ಲಿಷಿಗೆ ದಾಟಿಸಿಬಿಟ್ಟಳು: ನಿಮಗೆ ಇನ್ನು ತೊಂದರೆ ಕೊಡಲು ನಮಗಿಷ್ಟವಿಲ್ಲ. 'ಅರ್ಥವಾಯಿತು, ವಿಶ್ರಾಂತಿ ಪಡೆಯಲಿ' ಎಂದು ಇಂಗರಳ ಉತ್ತರ ಬಂತು. ಕೆಲಸ ಜಾಸ್ತಿಯಿರಬೇಕು ಎಂದುಕೊಂಡರು. ಮೂರು ಶುಕ್ರವಾರ ಚನ್ನಕೇಶವಯ್ಯ ಗೇಟಿನ ಸದ್ದಾದಾಗಲೆಲ್ಲ ತಲೆಯೆತ್ತಿ ನೋಡಿದರು.

*

ಗೇಟಿನ ಹೊರಗೆ ಹೆಣ ಸಾಗಿಸಲು ಕಾಯುತ್ತಿದ್ದ ವ್ಯಾನಿನವನು ಹಾರನ್ ಹೊಡೆದ.

"ಏನೇ ಬಾಯಿ ಕಟ್ಕೊಂಡ್ ನಿಂತೆ?" ಎಂದರು ಪುಟ್ಟತಾಯಮ್ಮ.

"ಅಮ್ಮಾ, ನೀವಂದಿದ್ದನ್ನ ಅಂದ ಹಾಗೇ ಹೇಳಲ್ಲ. ಹೋದ ಸಲ ಹಾಗೇ ಹೇಳಿ ಕೆಡಿಸಿದ್ದು ನಾನೇ." ವಿಶಾಲಾಕ್ಷಿಗೆ ಅಳು ಒತ್ತರಿಸಿ ಬಂತು. ನಾಲಿಗೆ ಮಾತ್ರ ಓಡತೊಡಗಿತು. ತೊಂದರೆಯನ್ನೂ ಹೊಟ್ಟೆಯನ್ನೂ ಬಿಟ್ಟು, ಇಂಗರಳ ಮುಖ ನೋಡುತ್ತಾ ಇಂಗ್ಲಿಷಿನಲ್ಲಿ ಹೇಳಿದಳು: "ಪತ್ರದಲ್ಲಿ ತಪ್ಪು ಬರೆದವಳು ನಾನು. ಬರಬೇಡಿ ಅಂತ ಈ ಮನೇಲಿ ಯಾರೂ ಅಂದಿಲ್ಲ. ನೀವು ಹನ್ನೊಂದು ಶುಕ್ರವಾರ ಬಂದ್ರಿ. ಗುರುವಾರಾನೇ ಅವರು ಗಡ್ಡ ಕೆರೆಸಿಕೊಂಡು ಕಾಯ್ತಿದ್ರು. ಸೋತಾಗ ನೀವು ಬೈಯೋದನ್ನ ನೆನೆಸಿಕೊಂಡು ಸೋಮವಾರದವರೆಗೂ ನಗ್ತಿದ್ರು. ಆ ನಗು ಕೊಟ್ಟೋರು ನೀವು. ಇವರು ಅದಕ್ಕೇ ಥ್ಯಾಂಕ್ಸ್ ಹೇಳ್ತಿದ್ದಾರೆ. ನಿಮ್ಮ ಬಾಳು ತಂಪಾಗಿರಲಿ ಅಂತ ಹರಸ್ತಿದ್ದಾರೆ. ಬನ್ನಿ, ಇನ್ನು ಮೇಲೂ ಬರ್ತಾ ಇರಿ."

ಇಂಗರ್ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಕಾಯ್ತಿದ್ರಾ?"

ಆ ಪ್ರಶ್ನೆ ಪುಟ್ಟತಾಯಮ್ಮನಿಗೆ ಯಾರೂ ದಾಟಿಸದೆ ತಿಳಿಯಿತು. ಅವಳನ್ನು ದರದರ ಜಗಲಿಗೆ ಎಳೆದುಕೊಂಡು ಹೋದರು. ನೆಲದ ಮೇಲೆ ಸೀಮೆಸುಣ್ಣದ ಮನೆಗಳು, ಹುಣಸೆಬೀಜ, ಕೆಂಪು ಬಳೆಚೂರು, ನಾಲ್ಕು ಕವಡೆ, ಎಲ್ಲವೂ ಬಿಟ್ಟಲ್ಲೇ ಇದ್ದವು. ಸುತ್ತಲ ನೆಲ ಒರೆಸಿ ಒರೆಸಿ ಹೊಳೆಯುತ್ತಿತ್ತು.

"ಮುಂದಿನ ಆಟ ಇವಳದು, ಯಾರೂ ಮುಟ್ಬೇಡಿ ಅಂದಿದ್ರು ಕಣೇ!"

ವಿಶಾಲಾಕ್ಷಿ ಇದನ್ನು ಒಂದಕ್ಷರ ಬಿಡದೆ ದಾಟಿಸಿದಳು.

ಮೈದುನ ವ್ಯಾನಿನವನಿಗೆ ತಡಿ ಎಂದು ಕೈ ತೋರಿಸಿದ. ಇಂಗರ್ ಮಂಡಿಯೂರಿ ಕವಡೆ ಹಾಕಿದಳು. ಎರಡು ಬಿತ್ತು. ಬಳೆಚೂರನ್ನು ಎರಡು ಮನೆ ನಡೆಸಿ, ಕವಡೆಗಳನ್ನು ಒಟ್ಟುಗೂಡಿಸಿ ಚನ್ನಕೇಶವಯ್ಯ ಕೂರುತ್ತಿದ್ದ ಕಡೆಗೆ ಸರಿಸಿದಳು.